ವಿಮೆಯ ಇಲ್ಲಸ್ಟ್ರೇಷನ್ ಓದುವುದು ಹೇಗೆ? ಬೋನಸ್ ತಾಳೆಯಾಗದಿದ್ದರೆ ಎಲ್ಲಿ ಹುಡುಕಬೇಕು?

ಬೋನಸ್ ಸೇರುವ ಎಂಡೋಮೆಂಟ್ ಪಾಲಿಸಿ ಮಾಡಿಸುವಾಗ ಎಷ್ಟು ಕಟ್ಟಬೇಕು, ಎಷ್ಟು ಬರಬಹುದು ಎಂದು ತೋರಿಸುವ ಬೆನಿಫಿಟ್ ಇಲ್ಲಸ್ಟ್ರೇಷನ್ ಎಂಬ ಪಟ್ಟಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಹೆಚ್ಚಿನವರು ಅದರ ಕೊನೆಯ ಸಾಲಿನ ದೊಡ್ಡ ಅಂಕಿಯನ್ನಷ್ಟೇ ನೋಡಿ ಮಡಚಿಡುತ್ತಾರೆ. ಎಡವುವುದು ಅಲ್ಲೇ.

ಒಂದು ಲೆಕ್ಕ ಇಟ್ಟುಕೊಳ್ಳೋಣ. ಮಂಡ್ಯದ ರೈತರೊಬ್ಬರು 2018ರ ಜೂನ್‌ನಲ್ಲಿ 5 ಲಕ್ಷ ರೂಪಾಯಿ ವಿಮಾ ಮೊತ್ತದ, 20 ವರ್ಷದ ಪಾಲಿಸಿ ಮಾಡಿಸಿದ್ದಾರೆ ಎನ್ನೋಣ. ವರ್ಷದ ಕಂತು 26,000. 2025ರ ಜೂನ್‌ವರೆಗೆ 8 ಕಂತು ಕಟ್ಟಿದ್ದಾರೆ.

ಮೊದಲು ಕಟ್ಟಿದ ಹಣ. ರಸೀದಿಗಳನ್ನು ಕೂಡಿದರೆ 2,13,265 ಬರುತ್ತದೆ, ಕಂಪನಿಯ ಪಟ್ಟಿಯಲ್ಲಿ 2,08,000 ಇರುತ್ತದೆ. ಇದು ಮೋಸವಲ್ಲ. ಮಧ್ಯದ 5,265 ಜಿಎಸ್‌ಟಿ: ಮೊದಲ ವರ್ಷ ಶೇ 4.5, ಆಮೇಲೆ ಶೇ 2.25. (2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಗೆ ಈ ತೆರಿಗೆ ಇಲ್ಲ.) ಕಬ್ಬಿನ ಬಿಲ್ಲು ತಡವಾಗಿ ಕಂತೂ ತಡವಾಗಿದ್ದರೆ ರಸೀದಿಯಲ್ಲಿ ಬಡ್ಡಿ ಸೇರಿರುತ್ತದೆ, ಅದನ್ನೂ ಕಳೆಯಿರಿ. ಉಳಿದದ್ದು 26,000ದ ಎಂಟು ಪಟ್ಟು ಆಗಲೇಬೇಕು. ಆಗದಿದ್ದರೆ ಕಟ್ಟಿದ ಒಂದು ಕಂತು ಖಾತೆಗೆ ಬಿದ್ದಿಲ್ಲ. ಏಜೆಂಟರ ಕೈಗೆ ನಗದು ಕೊಟ್ಟು ಕೈಬರಹದ ಚೀಟಿ ಇಟ್ಟುಕೊಳ್ಳುವುದು ಬೇಡವೇ ಬೇಡ. ಕಂಪನಿಯ ರಸೀದಿ ಮಾತ್ರ ರಸೀದಿ.

ಇನ್ನು ಬೋನಸ್. ಜನ ಹೆಚ್ಚು ತಪ್ಪುವುದು ಇಲ್ಲಿ. ಬೋನಸ್ ಲೆಕ್ಕ ಹಾಕುವುದು ಕಟ್ಟಿದ ಹಣದ ಮೇಲಲ್ಲ, ವಿಮಾ ಮೊತ್ತದ ಮೇಲೆ. ಸಾವಿರಕ್ಕೆ ಇಷ್ಟು ಎಂದು ಕಂಪನಿ ಪ್ರತಿ ವರ್ಷ ಘೋಷಿಸುತ್ತದೆ. 5 ಲಕ್ಷದಲ್ಲಿ 500 ಸಾವಿರಗಳಿವೆ, ಆದ್ದರಿಂದ ದರವನ್ನು 500ರಿಂದ ಗುಣಿಸಿ. ಮೊದಲ ಮೂರು ವರ್ಷ 45, ಮುಂದಿನ ಐದು ವರ್ಷ 42 ಎಂದಿದ್ದರೆ 67,500 ಮತ್ತು 1,05,000, ಒಟ್ಟು 1,72,500. ಸರಳ ಬೋನಸ್ ಆದರೆ ಬೋನಸ್ ಮೇಲೆ ಬೋನಸ್ ಬೆಳೆಯುವುದಿಲ್ಲ. ಚಕ್ರಬಡ್ಡಿಯಂತೆ ಗುಣಿಸಿ ತೋರಿಸುವವರ ಹಾಳೆಯನ್ನು ಬದಿಗಿಡಿ.

ಈಗ ಶಾಖೆಯಲ್ಲಿ ಸ್ಟೇಟಸ್ ರಿಪೋರ್ಟ್ ಕೇಳಿ, ಅದರಲ್ಲಿ ‘ವೆಸ್ಟೆಡ್ ಬೋನಸ್’, ಅಂದರೆ ಈವರೆಗೆ ಪಾಲಿಸಿಗೆ ಸೇರಿದ ಬೋನಸ್ ಎಷ್ಟೆಂದು ನೋಡಿ. 1,51,500 ಎಂದಿದ್ದರೆ ಕಡಿಮೆಯಾದದ್ದು ಸರಿಯಾಗಿ 21,000, ಅಂದರೆ ಒಂದು ವರ್ಷದ ಬೋನಸ್. ಕೊನೆಯ ವರ್ಷದ ದರ ಇನ್ನೂ ಘೋಷಣೆಯಾಗಿರದೆ ಇರಬಹುದು. ಮಾರ್ಚ್ 31ರ ಲೆಕ್ಕ ಮುಗಿದ ಮೇಲಷ್ಟೇ ದರ ಬರುತ್ತದೆ. ಹಾಗಾಗಿದ್ದರೆ ಕಾಯಿರಿ. ಘೋಷಣೆಯಾಗಿದ್ದೂ ಸೇರಿಲ್ಲವೆಂದರೆ ಅದೇ ರಿಪೋರ್ಟಿನಲ್ಲಿ ಮುಂದಿನ ಕಂತು ಕಟ್ಟಬೇಕಾದ ದಿನಾಂಕ ನೋಡಿ. 2026ರ ಜೂನ್ ಬದಲು 2025ರ ಜೂನ್ ಇದ್ದರೆ ಕೊನೆಯ ಕಂತೇ ಜಮೆಯಾಗಿಲ್ಲ, ಬೋನಸ್ ನಿಂತದ್ದು ಅದರಿಂದ. ಎರಡೂ ಅಲ್ಲವೆಂದರೆ ಯಾವ ವರ್ಷಕ್ಕೆ ಯಾವ ದರ ಹಾಕಿದ್ದೀರಿ ಎಂದು ಬರಹದಲ್ಲೇ ಕೇಳಿ, ಬಾಯಿಮಾತಿನ ಉತ್ತರ ಒಪ್ಪಬೇಡಿ.

ಈ 1,72,500 ಇವತ್ತು ಕೈಗೆ ಸಿಗುವ ಹಣವಲ್ಲ. ಈಗಲೇ ಸರೆಂಡರ್ ಮಾಡಿದರೆ, ಅಂದರೆ ಅವಧಿಗೆ ಮೊದಲೇ ಪಾಲಿಸಿ ನಿಲ್ಲಿಸಿ ಹಣ ಕೇಳಿದರೆ, ಅದರಲ್ಲಿ ಒಂದು ಭಾಗವಷ್ಟೇ ಬರುತ್ತದೆ.

ಕೊನೆಗೆ ಮೆಚ್ಯೂರಿಟಿ. ಇಲ್ಲಸ್ಟ್ರೇಷನ್‌ನಲ್ಲಿ ಶೇ 4 ಮತ್ತು ಶೇ 8 ಎಂಬ ಎರಡು ಕಾಲಂ ಇರುತ್ತವೆ. ಅವು ನಿಮಗೆ ಸಿಗುವ ಬಡ್ಡಿಯಲ್ಲ. ಕಂಪನಿಯ ಹೂಡಿಕೆ ಅಷ್ಟು ಗಳಿಸಿದರೆ, ಖರ್ಚು ಕಳೆದು ನಿಮಗೆ ಎಷ್ಟು ಬರಬಹುದು ಎಂಬ ಅಂದಾಜು. ಗ್ಯಾರಂಟಿ ಇರುವುದು ‘ಗ್ಯಾರಂಟೀಡ್’ ಎಂದು ಬರೆದ ಕಾಲಂಗೆ ಮಾತ್ರ. ಈ ಪಾಲಿಸಿಯಲ್ಲಿ ಅದು 5 ಲಕ್ಷ. ಶೇ 8ರ ಅಂಕಿಗೆ ಪೆನ್ನಿನಲ್ಲಿ ಸುತ್ತು ಹಾಕಿಕೊಟ್ಟಿದ್ದರೆ ಅದನ್ನು ಮರೆತುಬಿಡಿ.

ನಿಮ್ಮ ಅಂದಾಜು ನೀವೇ ಮಾಡಿ: 5,00,000, ಈವರೆಗಿನ 1,72,500, ಉಳಿದ 12 ವರ್ಷಕ್ಕೆ 42ರ ದರದಲ್ಲಿ 2,52,000. ಒಟ್ಟು 9,24,500. ಫೈನಲ್ ಅಡಿಷನಲ್ ಬೋನಸನ್ನು ಸೇರಿಸಬೇಡಿ, ಅದು ಪಾಲಿಸಿ ಮುಗಿಯುವ ವರ್ಷದ ತೀರ್ಮಾನ. ಇದು ವರ್ಷಕ್ಕೆ ಎಷ್ಟು ಲಾಭ ಎಂದು ತಿಳಿಯಲು ಎಕ್ಸೆಲ್‌ನಲ್ಲಿ ಹೀಗೆ ಟೈಪ್ ಮಾಡಿ:

```
=RATE(20,-26000,0,924500,1)
```

ಸುಮಾರು ಶೇ 5.2 ಬರುತ್ತದೆ. ಕಟ್ಟಿದ ಜಿಎಸ್‌ಟಿ ಸೇರಿಸಿದರೆ ಇನ್ನೂ ತುಸು ಕಡಿಮೆ. ಹೊಸ ಪಾಲಿಸಿಯಾಗಿದ್ದು ಈ ಅಂಕಿ ಒಪ್ಪಿಗೆಯಾಗದಿದ್ದರೆ, ಬಾಂಡ್ ಕೈಸೇರಿದ 30 ದಿನದೊಳಗೆ ಹಿಂತಿರುಗಿಸಬಹುದು.

ಬೋನಸ್ ತಾಳೆಯಾಗದೆ ಕಂಪನಿಗೆ ಬರೆದ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಜೊತೆಗೆ ರಸೀದಿಗಳ ಪ್ರತಿ, ಸ್ಟೇಟಸ್ ರಿಪೋರ್ಟ್ ಮತ್ತು ವರ್ಷವಾರು ಗುಣಿಸಿದ ನಿಮ್ಮ ಲೆಕ್ಕದ ಹಾಳೆ ಇರಲಿ.