ಊಟ, ಡ್ರಿಂಕ್ಸ್, ನಿದ್ದೆ: ಚಾಟಲ್ಲೇ ಕೇಳಿ ತಿಳ್ಕೊಂಡಿದ್ದು (ನನ್ನ ಅನುಭವ)

ಮ್ಯಾಟ್ರಿಮೊನಿ ಪ್ರೊಫೈಲಲ್ಲಿ ಡ್ರಿಂಕಿಂಗ್ ಅನ್ನೋ ಕಡೆ 'ಅಕೇಶನಲಿ' ಅಂತ ಇದ್ರೆ ಅದ್ರಿಂದ ಏನೂ ಗೊತ್ತಾಗಲ್ಲ, ವರ್ಷಕ್ಕೊಂದ್ಸಲ ಫ್ರೆಂಡ್ ಮದುವೇಲಿ ಒಂದು ಬಿಯರ್ ಕುಡಿಯೋರೂ ಅದನ್ನೇ ಹಾಕಿರ್ತಾರೆ, ಪ್ರತಿ ಶುಕ್ರವಾರ ರಾತ್ರಿ ಕೂರೋರೂ ಅದನ್ನೇ ಹಾಕಿರ್ತಾರೆ. ಎಷ್ಟೋ ಸಲ ಪ್ರೊಫೈಲ್ ಮಾಡಿರೋದು ಅಪ್ಪನೋ ಅಕ್ಕನೋ, ಅವ್ರಿಗೆ ಗೊತ್ತಿರೋದಷ್ಟೇ ಅಲ್ಲಿರುತ್ತೆ.

ಅದಕ್ಕೆ ನಾನು "ಕುಡೀತೀರಾ" ಅಂತ ಕೇಳ್ತಾನೇ ಇರ್ಲಿಲ್ಲ. ಹಾಗೆ ಕೇಳಿದ್ರೆ ಇಂಟರ್‌ವ್ಯೂ ಆಗೋಗುತ್ತೆ, ನಮಗೆ ಯಾವ ಉತ್ತರ ಬೇಕೋ ಅದನ್ನೇ ಹೇಳಿಬಿಡ್ತಾರೆ. ಮೊದ್ಲು ನಂದು ಹೇಳ್ತಿದ್ದೆ, "ಶನಿವಾರ ಬಟ್ಟೆ ಒಗೆದು ಒಂಬತ್ತೂವರೆಗೆಲ್ಲ ಮಲ್ಕೊಂಡೆ, ನೀವೇನ್ ಮಾಡಿದ್ರಿ?" ಅಂತ. ಆಗಿ ಹೋಗಿರೋ ಒಂದು ದಿನದ ಬಗ್ಗೆ ಕೇಳಿದ್ರೆ ಜನ ಇದ್ದಿದ್ದನ್ನ ಇದ್ದಂಗೆ ಹೇಳ್ತಾರೆ. ಎರಡ್ಮೂರು ವಾರ ಬಿಟ್ಟು ಬಿಟ್ಟು ಕೇಳಿದ್ರೆ ಒಂದು ಲೆಕ್ಕ ಸಿಗುತ್ತೆ.

ಮಂಗಳೂರು ಕಡೆಯವರೊಬ್ರ ಜೊತೆ ಮಾತು ಮುಂದುವರೀತು. ನಾನು ಸ್ಕೂಲ್ ಟೀಚರ್, ಏಳು ಗಂಟೆಗೆ ಬಸ್ ಹತ್ಬೇಕು, ನಮ್ಮನೇಲಿ ಮೊಟ್ಟೆ ಕೂಡ ಒಳಗೆ ಬರಲ್ಲ. ಅವ್ರಿಗೆ ಬೆಂಗಳೂರಲ್ಲಿ ಯುಕೆ ಶಿಫ್ಟು, ರಾತ್ರಿ ಹತ್ತೂವರೆಗೆ ಲಾಗೌಟ್, ಮೆಸೇಜ್ ಬರ್ತಿದ್ದಿದ್ದೇ ಒಂದು ಗಂಟೆಗೆ. ಇಲ್ಲಿ ನೋಡ್ಬೇಕಾಗಿದ್ದು ಅದು ಕೆಲಸದ ಕಾಟನಾ ಅಥವಾ ಅವ್ರ ಸ್ವಭಾವನೇ ಹಂಗಾ ಅಂತ. "ದಸರಾ ರಜೆಗೆ ಊರಿಗೆ ಹೋದಾಗ ಎಷ್ಟೊತ್ತಿಗೆ ಎದ್ರಿ?" ಅಂದೆ. "ಆರಕ್ಕೇ, ಅಪ್ಪನ ಜೊತೆ ಮೀನ್ ತರಕ್ಕೆ ಬಂದರಿನ ಧಕ್ಕೆಗೆ ಹೋಗಿದ್ದೆ" ಅಂದ್ರು. ಶಿಫ್ಟ್ ಬದಲಾದ್ರೆ ನಿದ್ದೆ ಸರಿ ಹೋಗುತ್ತೆ ಅನ್ನಿಸ್ತು. ರಜೇಲೂ ಮಧ್ಯಾಹ್ನ ಏಳೋರಾಗಿದ್ರೆ ನಾನು ಮುಂದುವರೀತಿರ್ಲಿಲ್ಲ.

ಆ ಉತ್ತರದಲ್ಲೇ ಮೀನೂ ಬಂತಲ್ಲ, ಅದನ್ನೇ ಹಿಡ್ಕೊಂಡೆ. ಅವ್ರು ತಿನ್ನೋದಕ್ಕೆ ನಂದೇನೂ ತಕರಾರಿಲ್ಲ, ಆದ್ರೆ ಹೊರಗಡೆ ತಿನ್ನೋದು ಬೇರೆ, ಮನೇಲಿ ಮಾಡೋದು ಬೇರೆ. "ರೂಮಲ್ಲಿ ನೀವೇ ಮಾಡ್ಕೋತೀರಾ?" ಅಂದಿದ್ದಕ್ಕೆ ಬಂಗುಡೆ ಫ್ರೈ ಫೋಟೋನೇ ಕಳಿಸಿದ್ರು, ಭಾನುವಾರ ತಪ್ಪಲ್ವಂತೆ. ಆಗ ನಾನೂ ಬಿಡಿಸಿ ಹೇಳ್ದೆ, ತವಾ ಬೇರೆ ಇರ್ಲಿ, ಫ್ರಿಜ್ಜಲ್ಲಿ ಹಸಿ ಮೀನು ಇಡೋದು ನಂಗಾಗಲ್ಲ ಅಂತ. ಅದಕ್ಕೆ ಅವ್ರು ಸಲೀಸಾಗಿ ಒಪ್ಕೊಂಡ್ರು.

ಆದ್ರೆ ಒಪ್ಕೊಂಡ್ರು ಅಂತ ಅಲ್ಲಿಗೇ ಬಿಡ್ಬಾರ್ದು, ಯಾಕಂದ್ರೆ ಗಂಡ ಹೆಂಡತಿ ಇಬ್ರೇ ಇದ್ದಾಗಿನ ವ್ಯವಸ್ಥೆ ಅತ್ತೆ ಬಂದಾಗ ಹಂಗೇ ನಿಲ್ಲುತ್ತೆ ಅಂತ ಹೇಳಕ್ಕಾಗಲ್ಲ. "ನಿಮ್ಮಮ್ಮ ಬಂದಾಗ ಮೀನು ಕ್ಲೀನ್ ಮಾಡೋದ್ಯಾರು?" ಅಂತ ಕೇಳ್ದೆ. ತಕ್ಷಣ ಉತ್ತರ ಬರ್ಲಿಲ್ಲ. ಮಾರನೇ ದಿನ ಅಮ್ಮನ್ನ ಕೇಳಿ ಬರೆದ್ರು, "ಅಮ್ಮ ತಾನೇ ಮಾಡ್ತಾರಂತೆ, ಅವ್ರು ಇಲ್ದಾಗ ನಾನು ಮಾಡ್ತೀನಿ." ಜಾತಕ ಕಳಿಸೋದಕ್ಕೆ ನಮ್ಮಪ್ಪಂಗೆ ಹೇಳಿದ್ದು ಅದಾದ್ಮೇಲೇನೇ.