ಹೊರಗೋಡೆಯ ಒರಟಿಗೆ ಬಣ್ಣ ಎಷ್ಟು ಬೇಕು?

ಒಳಗೋಡೆಯ ಲೆಕ್ಕವನ್ನೇ ಹೊರಗೋಡೆಗೂ ಹಾಕಿ, ಕೊನೆಯ ಗೋಡೆಯ ಹೊತ್ತಿಗೆ ಬಕೆಟ್ ಬರಿದಾಗಿ ಕುಳಿತವರನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಡಬ್ಬದ ಮೇಲಿನ ಅಂಕಿ ನಯವಾದ ಗೋಡೆಗೆ ಸಂಬಂಧಿಸಿದ್ದು. ಒರಟು ಗಾರೆಯ ಪ್ರತಿ ಉಬ್ಬಿಗೂ ತಗ್ಗಿಗೂ ಬಣ್ಣ ಬೇಕಾಗುತ್ತದೆ.

ಮೊದಲು ಗೋಡೆಯನ್ನು ಅಳೆದು, ಬಾಗಿಲು ಕಿಟಕಿಗಳ ಜಾಗವನ್ನು ಕಳೆಯಿರಿ. ಎರಡೂ ಕಡೆ 400 ಚದರ ಅಡಿ ಉಳಿಯಿತು ಎಂದುಕೊಳ್ಳೋಣ.

ಒಳಗೋಡೆಯ ಲೆಕ್ಕ ಸುಲಭ. ಬಿಳಿ ಸಿಮೆಂಟಿನ ಪುಟ್ಟಿ ಎರಡು ಕೋಟು ಬಳಿದರೆ ಕಿಲೋಗೆ ಸುಮಾರು 12 ಚದರ ಅಡಿ ಬರುವುದರಿಂದ 40 ಕಿಲೋ ಸಾಕು. ಪುಟ್ಟಿ ಉಜ್ಜಿ ಧೂಳು ಒರೆಸಿದ ಮೇಲೆ ಪ್ರೈಮರ್ ಒಂದು ಕೋಟು ಬಳಿಯಲು 4 ಲೀಟರ್, ಎಮಲ್ಷನ್ ಎರಡು ಕೋಟು ಬಳಿಯಲು ಮತ್ತೆ 4 ಲೀಟರ್ ಇಟ್ಟುಕೊಳ್ಳಿ. ಒಣಗಿದ ಮೇಲೆ ಬೆರಳಿಗೆ ಹಿಟ್ಟಿನಂತೆ ಅಂಟುವ ಅಗ್ಗದ ಪುಟ್ಟಿಯನ್ನು ಮಾತ್ರ ತರಬೇಡಿ. ಅದರ ಮೇಲಿನ ಬಣ್ಣ ಹಾಳೆಯಂತೆ ಏಳುತ್ತದೆ.

ಹೊರಗಿನ ಒರಟು ಗೋಡೆಗೆ ಪುಟ್ಟಿಯನ್ನು ಬಳಿಯಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅದು ತಗ್ಗುಗಳನ್ನು ತುಂಬಿ ವಿನ್ಯಾಸವನ್ನೇ ಅಳಿಸುತ್ತದೆ. ಬಿರುಕುಗಳನ್ನಷ್ಟೇ ಹೊರಗೋಡೆಗೆಂದೇ ಬರುವ ಕ್ರ್ಯಾಕ್ ಫಿಲ್ಲರ್‌ನಿಂದ ಮುಚ್ಚಿ.

ಇನ್ನು ಬಣ್ಣದ ಪ್ರಮಾಣವನ್ನು ಊಹಿಸದೆ, ಗೋಡೆಯ ಮೇಲೆಯೇ ಪರೀಕ್ಷಿಸಿ. ತೀರ ಒರಟೂ ಅಲ್ಲದ, ತೀರ ನಯವೂ ಅಲ್ಲದ ಕಡೆ 10 ಚದರ ಅಡಿಯ ಚೌಕವನ್ನು ಸೀಮೆಸುಣ್ಣದಿಂದ ಗುರುತಿಸಿ ಪ್ರೈಮರ್ ಬಳಿಯಿರಿ. ಅದು ಒಣಗಿದ ನಂತರ 1 ಲೀಟರ್ ಎಮಲ್ಷನ್ನಿಗೆ ಡಬ್ಬದಲ್ಲಿ ಹೇಳಿದಷ್ಟೇ ನೀರು ಬೆರೆಸಿ, ಆ ಮಿಶ್ರಣವನ್ನಷ್ಟೇ ತೂಗಿ ಬರೆದಿಟ್ಟುಕೊಳ್ಳಿ. ಒಣ ರೋಲರ್ ತಾನೇ ಸಾಕಷ್ಟು ಬಣ್ಣ ಕುಡಿಯುವುದರಿಂದ ಅದನ್ನು ಮೊದಲೇ ಬಣ್ಣದಲ್ಲಿ ನೆನೆಸಿ, ಬಕೆಟ್ಟಿನ ಜೊತೆಗೇ ಬಳಿಯುವ ಮೊದಲೊಮ್ಮೆ, ಬಳಿದ ಮೇಲೊಮ್ಮೆ ತೂಗಿ. ಮಿಶ್ರಣ 1,700 ಗ್ರಾಂ ಇದ್ದು 255 ಗ್ರಾಂ ಖರ್ಚಾಗಿದ್ದರೆ ಅದು ಶೇ 15. ಅಂದರೆ ನೀರನ್ನು ಬಿಟ್ಟು 150 ಮಿಲಿ ಲೀಟರ್ ಅಸಲು ಬಣ್ಣ. ಬೆರೆಸಿದ ನೀರನ್ನೂ ಬಣ್ಣವೆಂದೇ ಎಣಿಸುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು.

ಎರಡನೆಯ ಕೋಟನ್ನೂ ಹೀಗೆಯೇ ಅಳೆಯಿರಿ. ಮೊದಲ ಕೋಟು ರಂಧ್ರಗಳನ್ನು ಮುಚ್ಚಿರುವುದರಿಂದ ಅದಕ್ಕೆ ಕಡಿಮೆ ಸಾಕು. 120 ಮಿಲಿ ಲೀಟರ್ ಹಿಡಿಯಿತೆಂದರೆ ಎರಡೂ ಸೇರಿ 270. ನಮ್ಮ ಗೋಡೆಯಲ್ಲಿ ಅಂಥ 40 ಚೌಕಗಳಿರುವುದರಿಂದ 10.8 ಲೀಟರ್ ಆಗುತ್ತದೆ. ಸೋರಿಕೆಗೆಂದು ಒಂದಿಷ್ಟು ಸೇರಿಸಿ 12 ಲೀಟರ್ ತನ್ನಿ. ಚೌಕಕ್ಕೆ 200 ಮಿಲಿ ಲೀಟರ್ ಪ್ರೈಮರ್ ಬೇಕಾಗಿದ್ದರೆ ಅದು 8 ಲೀಟರ್, ಅಂದರೆ ಒಳಗೋಡೆಯ ಎರಡರಷ್ಟು.

ಬಣ್ಣ ಉಳಿಸಲೆಂದು ಹೆಚ್ಚು ನೀರು ಬೆರೆಸಿದರೆ ಉಬ್ಬುಗಳ ತುದಿಯಲ್ಲಿ ಪದರ ತೆಳುವಾಗಿ, ಹಳೆಯ ಗಾರೆ ಚುಕ್ಕೆ ಚುಕ್ಕೆಯಾಗಿ ಇಣುಕುತ್ತದೆ. ಇಳಿಬಿಸಿಲಿನಲ್ಲಿ ಗೋಡೆಯ ಬದಿಯಿಂದ ನೋಡಿದರೆ ಅದು ಸ್ಪಷ್ಟವಾಗಿ ಕಾಣುತ್ತದೆ.

ಬಣ್ಣವನ್ನೆಲ್ಲ ಒಮ್ಮೆಗೇ, ಒಂದೇ ಬ್ಯಾಚಿನದನ್ನು ತನ್ನಿ. ಬ್ಯಾಚ್ ಬೇರೆಯಾದರೆ ಬಳಿಯುವ ಮುನ್ನ ಎಲ್ಲವನ್ನೂ ದೊಡ್ಡ ಪಾತ್ರೆಯಲ್ಲಿ ಒಂದುಗೂಡಿಸಿ. ಇಲ್ಲವಾದರೆ ಅರ್ಧ ಗೋಡೆಯಲ್ಲಿ ಛಾಯೆ ಬದಲಾದ ಗೆರೆ ಉಳಿದುಬಿಡುತ್ತದೆ.