ಶೀಟೆಲ್ಲ ಹಸಿರು, ಆದರೂ ಹಿಂದಿನ ಗೋಡೆಗೆ ಯಾರೂ ಹೋಗಿಲ್ಲ: ಗಾರ್ಡ್ ರೌಂಡಿನ ವರದಿ ಓದುವುದು ಹೇಗೆ?

ಬೆಳಿಗ್ಗೆ 6 ಗಂಟೆ. ಶಿರಸಿಯ ಮಳೆ ಇನ್ನೂ ನಿಂತಿಲ್ಲ. ಅಡಿಕೆ ಗೋಡೌನಿನ ರಾತ್ರಿ ಗಾರ್ಡ್ ಕೊಡೆ ಮಡಚಿಟ್ಟು ಚಹಾ ಕುಡಿಯುತ್ತಿದ್ದಾರೆ. ನಾನು ರಾತ್ರಿಯ ಶೀಟ್ ತೆರೆದೆ. ನಾಲ್ಕು ರೌಂಡ್, ಪ್ರತಿ ರೌಂಡಿಗೆ 8 ಪಾಯಿಂಟ್. ಎಲ್ಲವೂ ಹಸಿರು, ಒಂದೂ ಕೆಂಪಿಲ್ಲ. ಹೆಚ್ಚಿನ ಸೂಪರ್‌ವೈಸರ್‌ಗಳು ಇಲ್ಲಿಗೆ ಶೀಟ್ ಮುಚ್ಚಿಬಿಡುತ್ತಾರೆ. ನಾನೂ ಮೊದಲು ಹಾಗೇ ಮಾಡುತ್ತಿದ್ದೆ.

ಪ್ರತಿ ಪಾಯಿಂಟಿನಲ್ಲೂ ಒಂದು ಟ್ಯಾಗ್ ಇರುತ್ತದೆ, ಗಾರ್ಡ್ ಅಲ್ಲಿಗೆ ಹೋಗಿ ಅದನ್ನು ಫೋನಿನಿಂದ ಸ್ಕ್ಯಾನ್ ಮಾಡಬೇಕು. ಹಸಿರು ಅಂದರೆ ಆ ಟ್ಯಾಗಿಗೆ ಫೋನ್ ತಾಗಿತು ಅಂತ ಅಷ್ಟೇ. ಟ್ಯಾಗ್ ಎಲ್ಲಿತ್ತು ಅನ್ನುವುದು ಅದಕ್ಕೆ ಗೊತ್ತಿಲ್ಲ. ಗೊತ್ತಾಗಬೇಕಾದರೆ ಎರಡು ಸ್ಕ್ಯಾನಿನ ನಡುವೆ ಎಷ್ಟು ಹೊತ್ತು ಹೋಯಿತು ಅಂತ ನೋಡಬೇಕು.

ಮೊದಲು ನೀವೇ ನಡೆಯಿರಿ

ಪಾಯಿಂಟ್ ಗುರುತು ಮಾಡಿದ ಮೇಲೆ ಸೂಪರ್‌ವೈಸರ್ ಒಮ್ಮೆ ರಾತ್ರಿ ಹೊತ್ತು ಟಾರ್ಚ್ ಹಿಡಿದು ಇಡೀ ರೌಂಡ್ ಹಾಕಬೇಕು. ಹಗಲು ಹೊತ್ತಿನ ನಡಿಗೆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮಲ್ಲಿ ಗೇಟ್, ಆಫೀಸ್ ಬಾಗಿಲು, ಎರಡು ಗೋಡೌನಿನ ಶಟರ್, ಅಡಿಕೆ ಒಣಗಿಸುವ ಅಂಗಳ, ಹಿಂದಿನ ಚಿರೆಕಲ್ಲಿನ ಗೋಡೆ, ಜನರೇಟರ್ ಶೆಡ್, ಕೊನೆಗೆ ಕರೆಂಟ್ ಪ್ಯಾನೆಲ್. ಬೇಸಿಗೆಯಲ್ಲಿ 16 ನಿಮಿಷ ಬೇಕಾಯಿತು. ಮಳೆಯಲ್ಲಿ ಕೊಡೆ ಹಿಡಿದು ಹೋದಾಗ 19. ಅಂಗಳದಲ್ಲಿ ಹಾವಸೆ ಕಟ್ಟಿರುತ್ತದೆ, ಜೋರಾಗಿ ನಡೆದರೆ ಬಿದ್ದಂತೆಯೇ. ಹಿಂದಿನ ಗೋಡೆ ಹತ್ತಿರ ಉಂಬಳ ಬೇರೆ. ಹಾಗಾಗಿ ಮಳೆಗಾಲಕ್ಕೆ ಬೇರೆ ಲೆಕ್ಕ ಇಟ್ಟುಕೊಂಡಿದ್ದೇನೆ.

ಒಟ್ಟು ಸಮಯ ಒಂದೇ ಬರೆದಿಟ್ಟರೆ ಸಾಲದು. ಪಾಯಿಂಟಿನಿಂದ ಪಾಯಿಂಟಿಗೆ ಎಷ್ಟು ಅಂತಲೂ ಬೇಕು. ಅಂಗಳದಿಂದ ಹಿಂದಿನ ಗೋಡೆಗೆ 3 ನಿಮಿಷ, ಅಲ್ಲಿಂದ ಶೆಡ್ಡಿಗೆ 4 ನಿಮಿಷ. ಅಂಗಳದಿಂದ ನೇರ ಶೆಡ್ಡಿಗೆ ಹೋದರೆ 2 ನಿಮಿಷ ಸಾಕು. ಈ ಮೂರು ಅಂಕಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ಟ್ಯಾಗ್ ಎಲ್ಲಿ, ಹೇಗೆ

ಕ್ಯೂಆರ್ ಚೀಟಿ ಅಗ್ಗ. ಆದರೆ ಅದರ ಫೋಟೊ ತೆಗೆದುಕೊಂಡು ಕುರ್ಚಿಯಲ್ಲಿ ಕೂತೇ ಸ್ಕ್ಯಾನ್ ಮಾಡಬಹುದು. ಎನ್‌ಎಫ್‌ಸಿ ಟ್ಯಾಗ್ ಹಾಗಲ್ಲ, ಫೋನನ್ನು ಅದರ ಹತ್ತಿರ, ಕೆಲವೇ ಸೆಂಟಿಮೀಟರ್ ಅಂತರಕ್ಕೆ ತರಬೇಕು. ಒಂದು ಎಚ್ಚರಿಕೆ: ಸಾಮಾನ್ಯ ಟ್ಯಾಗನ್ನು ಕಬ್ಬಿಣದ ಶಟರಿಗೆ ಅಂಟಿಸಿದರೆ ಓದುವುದೇ ಇಲ್ಲ. ಲೋಹದ ಮೇಲೆ ಹಾಕುವುದಕ್ಕೇ ಬೇರೆ ಟ್ಯಾಗ್ ಬರುತ್ತದೆ, ಅದರ ಬೆನ್ನಿಗೆ ಫೆರೈಟ್ ಪದರ ಇರುತ್ತದೆ. ಅದು ಸಿಗದಿದ್ದರೆ ಪಕ್ಕದ ಗೋಡೆಗೆ ಹಾಕಿ.

ಅಂಟನ್ನು ಮಾತ್ರ ನಂಬಬೇಡಿ. ನಾನು ನಂಬಿದ್ದೆ.

ಪಾಯಿಂಟಿಗೊಂದು ಪ್ರಶ್ನೆ, ಉತ್ತರ ಅಂಕಿಯಲ್ಲಿ

‘ಎಲ್ಲ ಸರಿ ಇದೆಯೇ?’ ಅಂತ ಕೇಳಿದರೆ ವರ್ಷವಿಡೀ ‘ಹೌದು’ ಅಂತಲೇ ಬರುತ್ತದೆ. ನೋಡದೆ ಉತ್ತರಿಸಲು ಆಗದಂಥ ಪ್ರಶ್ನೆ ಇರಬೇಕು. ಶಟರ್ ಹತ್ತಿರ: ಎಷ್ಟು ಬೀಗ ಬಿದ್ದಿವೆ? ಆಫೀಸ್ ಬಾಗಿಲಲ್ಲಿ: ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಎಷ್ಟರ ಮೇಲಿದೆ? ಜನರೇಟರ್ ಹತ್ತಿರ: ಗಂಟೆ ಮೀಟರಿನ ಅಂಕಿ ಎಷ್ಟು?

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಗಂಟೆ ಮೀಟರೇ. ಜನರೇಟರ್ ಓಡಿದಷ್ಟು ಹೊತ್ತು ಮಾತ್ರ ಅದು ಮುಂದೆ ಹೋಗುತ್ತದೆ. ನಮ್ಮೂರಲ್ಲಿ ಮಳೆಗಾಲದ ರಾತ್ರಿ ಕರೆಂಟ್ ಹೋಗದೆ ಇರುವುದು ಅಪರೂಪ, ಅಲ್ವಾ? ಕರೆಂಟ್ ಹೋಗಿದ್ದ ರಾತ್ರಿಯೂ ಅಂಕಿ ಅಲ್ಲೇ ನಿಂತಿದ್ದರೆ ಹಿಂದಿನ ರೌಂಡಿನದನ್ನೇ ನೋಡಿ ಬರೆದಿದ್ದಾರೆ ಅಂತ ಅರ್ಥ. ಹಾಗಂತ ಪಾಯಿಂಟಿಗೆ ಐದಾರು ಪ್ರಶ್ನೆ ತುಂಬಬೇಡಿ. ಆಗ ಗಾರ್ಡ್ ಕಣ್ಣು ಸುತ್ತಮುತ್ತ ಇರುವುದಿಲ್ಲ, ಫೋನಿನ ಮೇಲೇ ಇರುತ್ತದೆ.

ಆ ರಾತ್ರಿಯ ಶೀಟ್

ಈಗ ಆ ಹಸಿರು ಶೀಟಿಗೆ ಬರೋಣ. ಮೊದಲ ರೌಂಡ್ 10:34ಕ್ಕೆ ಶುರು, 10:53ಕ್ಕೆ ಮುಗಿದಿದೆ. 19 ನಿಮಿಷ, ಮಳೆಯ ಲೆಕ್ಕಕ್ಕೆ ಸರಿ. ಎರಡನೆಯದು 12:21ರಿಂದ 12:46. ಅಂದರೆ 25 ನಿಮಿಷ. ಎಲ್ಲಿ ತಡವಾಯಿತು ಅಂತ ಬಿಡಿಸಿ ನೋಡಿದರೆ, ಅಂಗಳದಿಂದ ಹಿಂದಿನ ಗೋಡೆಗೆ 10 ನಿಮಿಷ ತಗೊಂಡಿದ್ದಾರೆ. ಮೂರನೆಯದು 2:10ರಿಂದ 2:23, ನಾಲ್ಕನೆಯದು 3:52ರಿಂದ 4:05. ಎರಡೂ 13 ನಿಮಿಷ. ಈ ಎರಡರಲ್ಲೂ ಹಿಂದಿನ ಗೋಡೆಯ ಸ್ಕ್ಯಾನಿಗೂ ಶೆಡ್ಡಿನ ಸ್ಕ್ಯಾನಿಗೂ ನಡುವೆ ಇದ್ದದ್ದು ಒಮ್ಮೆ 9 ಸೆಕೆಂಡ್, ಇನ್ನೊಮ್ಮೆ 7 ಸೆಕೆಂಡ್. 4 ನಿಮಿಷದ ದಾರಿ!

ಗಾರ್ಡ್ ನಿದ್ದೆ ಹೊಡೆದು ಮೋಸ ಮಾಡಿದ್ದಾರೆ ಅಂತ ಇಲ್ಲಿ ಅನಿಸುವುದು ಸಹಜ. ಆದರೆ ಗಂಟೆ ಮೀಟರ್ ಬೇರೆಯೇ ಹೇಳುತ್ತಿತ್ತು. ನಾಲ್ಕು ರೌಂಡಿನ ಅಂಕಿ: 412.3, 413.8, 414.3, 414.3. ನನ್ನ ಮನೆಯೂ ಅದೇ ಲೈನಿನಲ್ಲಿದೆ. ರಾತ್ರಿ 11:15ರ ಹೊತ್ತಿಗೆ ಹೋದ ಕರೆಂಟ್ 1:15ರ ಸುಮಾರಿಗೆ ಬಂದಿತ್ತು. ಎರಡು ಗಂಟೆ. ಮೀಟರ್ ಓಡಿದ್ದೂ ಅಷ್ಟೇ. ಅಂದರೆ ಮೂರನೆಯ ರೌಂಡಿನಲ್ಲೂ ಅವರು ಶೆಡ್ಡಿನ ತನಕ ಹೋಗಿ ಮೀಟರ್ ನೋಡಿದ್ದಾರೆ. ಹಾಗಾದರೆ ಜಾಗ ಬಿಟ್ಟು ಹೋದದ್ದು ಟ್ಯಾಗ್.

“ಅಣ್ಣಾ, ಹಿಂದಿನ ಗೋಡೆ ಹತ್ತಿರ ಎಂತ ಆಯ್ತು?” ಅಂತ ಕೇಳಿದೆ.

“ಟ್ಯಾಗ್ ಉದುರಿತ್ತು ಸಾರ್. ಟಾರ್ಚ್ ಹಾಕಿ ಹುಡುಕಿದೆ, ಚರಂಡಿಲಿ ಸಿಕ್ತು. ಮತ್ತೆ ಕಳೆದು ಹೋದ್ರೆ ನನ್ನ ತಲೆ ಮೇಲೆ ಬರ್ತದೆ ಅಂತ ಶೆಡ್ಡಲ್ಲಿ ತೆಗೆದಿಟ್ಟೆ.”

ಹೋಗಿ ನೋಡಿದೆ. ಜನರೇಟರ್ ಪಕ್ಕದ ಕಿಟಕಿಯಲ್ಲಿ, ಚಿಂದಿ ಬಟ್ಟೆ ಮೇಲೆ ಜೋಪಾನವಾಗಿ ಇಟ್ಟಿದ್ದರು. ಅವರು ಸುಳ್ಳು ಹೇಳಲಿಲ್ಲ. ಆದರೆ 12:46ರಿಂದ ಬೆಳಗಿನ ತನಕ ಹಿಂದಿನ ಗೋಡೆ ಕಡೆ ಯಾರೂ ಹೋಗಿರಲಿಲ್ಲ. ಟ್ಯಾಗ್ ಇಲ್ಲದ ಜಾಗಕ್ಕೆ ಯಾಕೆ ಹೋಗಬೇಕು ಅಂತ ಅವರಿಗೆ ಅನಿಸಿದೆ. ತಪ್ಪು ನನ್ನದೂ ಇತ್ತು. ‘ಟ್ಯಾಗ್ ಬಿದ್ದಿದೆ’ ಅಂತ ತಿಳಿಸಲು ಶೀಟಿನಲ್ಲಿ ಜಾಗವೇ ಇರಲಿಲ್ಲ. ಇದ್ದದ್ದು ಸ್ಕ್ಯಾನ್ ಆಯಿತು, ಇಲ್ಲವೇ ಬಿಟ್ಟುಹೋಯಿತು, ಎರಡೇ. ಬಿಟ್ಟುಹೋದರೆ ಬೈಗುಳ ಅಂತ ಅವರಿಗೆ ಗೊತ್ತು.

ಬೈಯುವ ಮೊದಲು

ಇನ್ನೊಂದು ವಿಷಯಕ್ಕೆ ಸುಮ್ನೆ ಜಗಳ ಆಗುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಸ್ಕ್ಯಾನುಗಳು ಫೋನಿನಲ್ಲೇ ಉಳಿದು, ಸಿಗ್ನಲ್ ಬಂದಾಗ ಒಟ್ಟಿಗೆ ಹೋಗುತ್ತವೆ. ಬೆಳಿಗ್ಗೆ 5:50ಕ್ಕೆ ಮೂವತ್ತೆರಡೂ ಬಂದು ಬಿದ್ದಂತೆ ಕಾಣುತ್ತದೆ. ಅದು ಶೀಟ್ ತಲುಪಿದ ಸಮಯ. ನೀವು ನೋಡಬೇಕಾದದ್ದು ಸ್ಕ್ಯಾನ್ ಆದ ಸಮಯ, ಅದು ಬೇರೆ ಕಾಲಮ್ಮಿನಲ್ಲಿರುತ್ತದೆ. ಅದು ಬರುವುದು ಫೋನಿನ ಗಡಿಯಾರದಿಂದ. ಹಾಗಾಗಿ ಆ ಗಡಿಯಾರವನ್ನು ಕೈಯಿಂದ ಬದಲಿಸಲು ಆಗದಂತೆ ಲಾಕ್ ಮಾಡಿಸಿ.

ರೌಂಡ್ ಶುರುವಾಗುವ ಸಮಯವನ್ನೂ ವಾರಕ್ಕೊಮ್ಮೆ ಸಾಲಾಗಿ ಇಟ್ಟು ನೋಡಿ. ದಿನವೂ ಸರಿಯಾಗಿ 10:30, 12:30 ಅಂತಿದ್ದರೆ ಶಿಸ್ತು ಅಂತ ಖುಷಿಪಡಬೇಡಿ. ಗೋಡೆ ಆಚೆ ಕಾಯುವವನಿಗೂ ಅದೇ ಟೈಮ್‌ಟೇಬಲ್ ಸಿಕ್ಕಂತಾಯಿತು.

ಗಾರ್ಡ್ ಮನೆಗೆ ಹೊರಡುವ ಮೊದಲೇ ಶೀಟ್ ಓದಿ. ಮಧ್ಯಾಹ್ನ ಫೋನ್ ಮಾಡಿ ಎಬ್ಬಿಸಿ ಕೇಳಿದರೆ ‘ನೆನಪಿಲ್ಲ ಸಾರ್’ ಅಂತಾರೆ, ನಿಜಕ್ಕೂ ನೆನಪಿರುವುದಿಲ್ಲ.

ಆ ಟ್ಯಾಗನ್ನು ಈಗ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ, ಗೋಡೆಗೆ ಎರಡು ಸ್ಕ್ರೂ ಹೊಡೆದು, ಮೇಲೆ ಸಣ್ಣದೊಂದು ತಗಡಿನ ಮಾಡು ಕಟ್ಟಿದ್ದೇವೆ. ಶೀಟಿಗೆ ‘ಟ್ಯಾಗ್ ಇಲ್ಲ, ಜಾಗ ನೋಡಿದೆ’ ಅನ್ನುವ ಮೂರನೆಯ ಗುಂಡಿ ಸೇರಿಸಿದೆ. ಅದು ಒತ್ತಿದರೆ ಆ ಜಾಗದ ಫೋಟೊ ಕೇಳುತ್ತದೆ. ಗೋಡೆಯಿಂದ ಶೆಡ್ಡಿಗೆ ಈಗ 5 ನಿಮಿಷ ತೋರಿಸುತ್ತಿದೆ, ಒಂದು ನಿಮಿಷ ಜಾಸ್ತಿ. ಕೇಳಿದೆ. ಶೆಡ್ಡಿನ ಬಾಗಿಲಲ್ಲಿ ನಿಂತು ಕಾಲಿಂದ ಉಂಬಳ ಕೀಳುತ್ತಾರಂತೆ.